ಮೆಟ್ರೊ ಮ್ಯಾಪಿನಲ್ಲಿ ಕಿಲೋಮೀಟರ್ ಇರೋದಿಲ್ಲ

ಕೊಪ್ಪಳದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವವರೆಲ್ಲ ತುಮಕೂರು ರಸ್ತೆಯಿಂದಲೇ ಊರೊಳಗೆ ಹೋಗುತ್ತಾರೆ. ಆ ರಸ್ತೆಯ ಮೇಲೆಯೇ ಮೆಟ್ರೊದ ಹಸಿರು ಮಾರ್ಗ ಓಡುತ್ತದೆ. ಮಾದಾವರದಿಂದ ಹಿಡಿದು ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ ಅಂತ ಸಾಲಾಗಿ ನಿಲ್ದಾಣಗಳಿವೆ. ಆದರೂ ನಮ್ಮ ಕಡೆಯ ಬಹಳ ಜನ ಅಭ್ಯಾಸಬಲದಿಂದ ಮೆಜೆಸ್ಟಿಕ್‌ವರೆಗೂ ಬಸ್ಸಿನಲ್ಲೇ ಹೋಗಿ, ಅಲ್ಲಿಂದ ಆಟೋದವನ ಜೊತೆ ಚೌಕಾಶಿಗೆ ನಿಲ್ಲುತ್ತಾರೆ. 2025ರ ಆಗಸ್ಟಿನಲ್ಲಿ, ಗಣಪತಿ ಹಬ್ಬಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ, ಕಾಕಾನನ್ನು ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಜಯದೇವ ಕಲಬುರಗಿಯಲ್ಲೂ ಇದೆ, ಗೊತ್ತು. ಆದರೆ ಕಾಕಾನ ಹಳೇ ಫೈಲೆಲ್ಲ ಬೆಂಗಳೂರಿನದು. ಆ ತಿಂಗಳ 10ರಂದು ಹಳದಿ ಮಾರ್ಗ ಶುರುವಾಗಿ, ಆಸ್ಪತ್ರೆಯ ಹೆಸರಿನದೇ ಒಂದು ಮೆಟ್ರೊ ನಿಲ್ದಾಣ ತೆರೆದಿತ್ತು. ಮೆಟ್ರೊ ಹತ್ತಿ ನಮ್ಮಿಬ್ಬರಿಗೂ ರೂಢಿ ಇರಲಿಲ್ಲ. ಹೋಗುವ ಮೊದಲು ಮ್ಯಾಪ್ ಓದಿಕೊಂಡೇ ಹೋಗೋಣ ಅಂತ ಕೂತೆವು.

ನನ್ನದು ಝೆರಾಕ್ಸ್ ಅಂಗಡಿ. ಮೆಟ್ರೊ ನಿಗಮದ ಮ್ಯಾಪನ್ನು ಮೊಬೈಲಿನಿಂದ ಇಳಿಸಿಕೊಂಡು ಎ3 ಹಾಳೆಯ ಮೇಲೆ ತೆಗೆದೆ. ಕಾಕಾನಿಗೆ ಮೊಬೈಲಿನ ಸಣ್ಣ ಅಕ್ಷರ ಕಾಣಿಸುವುದಿಲ್ಲ. ಅಂಗಡಿಯಲ್ಲಿರುವುದು ಕಪ್ಪು-ಬಿಳಿ ಮಷಿನ್. ಅದರಿಂದ ಹೊರಬಂದ ಹಾಳೆಯೇ ನಮಗೆ ಮೊದಲ ಪಾಠ ಹೇಳಿತು. ನೇರಳೆ ಮಾರ್ಗ ಗಾಢ ಬೂದು ಆಗಿತ್ತು, ಹಸಿರು ನಡುವಿನ ಬೂದು, ಹಳದಿಯಂತೂ ಹಾಳೆಯ ಬಿಳುಪಿನಲ್ಲೇ ಕರಗಿಹೋಗಿ, ನಿಲ್ದಾಣದ ಹೆಸರುಗಳು ಮಾತ್ರ ಗಾಳಿಯಲ್ಲಿ ತೂಗಾಡಿದ ಹಾಗೆ ಉಳಿದಿದ್ದವು. ನಮಗೆ ಹೋಗಬೇಕಾಗಿದ್ದ ಮಾರ್ಗವೇ ಅದು!

ಕಾಕಾ ಕೇಳಿದರು, "ಬಣ್ಣನ ಇಲ್ಲಂದ್ರ ಯಾವ ಗಾಡಿ ಅಂತ ಹೆಂಗ ಗೊತ್ತಾಗ್ತೈತೋ ತಮ್ಮಾ?"

ಬಣ್ಣ ಇದ್ದರೂ ಯಾವ ಗಾಡಿ ಹತ್ತಬೇಕು ಅನ್ನುವುದು ಅರ್ಧವಷ್ಟೇ ಗೊತ್ತಾಗುತ್ತದೆ. ಹಸಿರು ಗೆರೆಯ ಮೇಲೆ ಎರಡು ದಿಕ್ಕಿಗೆ ರೈಲು ಓಡುತ್ತವೆ, ಎರಡೂ ಹಸಿರೇ. ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ "ಜಯನಗರಕ್ಕೆ ಹೋಗುವವರು ಇತ್ತ" ಅಂತ ಇರುವುದಿಲ್ಲ. ಅಲ್ಲಿರುವುದು ಗೆರೆಯ ಕೊನೆಯ ನಿಲ್ದಾಣದ ಹೆಸರು. ಹಸಿರಿಗೆ ಉತ್ತರದ ತುದಿ ಮಾದಾವರ, ದಕ್ಷಿಣದ ತುದಿ ರೇಷ್ಮೆ ಸಂಸ್ಥೆ. ನೇರಳೆಗೆ ಪೂರ್ವದ ತುದಿ ವೈಟ್‌ಫೀಲ್ಡ್, ಅದಕ್ಕೇ ಕಾಡುಗೋಡಿ ಅಂತಲೂ ಬರೆದಿರುತ್ತಾರೆ. ಪಶ್ಚಿಮದ ತುದಿ ಚಲ್ಲಘಟ್ಟ. ಹಳದಿಗೆ ಒಂದು ತುದಿ ಆರ್.ವಿ. ರಸ್ತೆ, ಇನ್ನೊಂದು ಬೊಮ್ಮಸಂದ್ರ. ಈ ಆರು ಹೆಸರಿಗೆ ಪೆನ್ನಿನಿಂದ ಸುತ್ತು ಹಾಕಿದೆ. ಹಾಳೆಯಲ್ಲಿ ಕಾಣದಂತಾಗಿದ್ದ ಹಳದಿ ಗೆರೆಯನ್ನು ಪೆನ್ನಿನಿಂದಲೇ ಎಳೆದೆ. ಅಷ್ಟಾದ ಮೇಲೆ ಬಣ್ಣವಿಲ್ಲದ ಹಾಳೆಯೇ ಸಾಕಾಯಿತು. ಇಳಿಯುವ ನಿಲ್ದಾಣದ ಮೇಲೆ ಬೆರಳಿಟ್ಟು, ಗೆರೆ ಹಿಡಿದು ಹಾಗೇ ಮುಂದೆ ಹೋದರೆ ಕೊನೆಗೆ ಯಾವ ಹೆಸರು ಸಿಗುತ್ತದೋ ಅದೇ ನಾವು ಹುಡುಕಬೇಕಾದ ಬೋರ್ಡು.

ಇನ್ನು ದೂರದ ಮಾತು. ಕಾಕಾ ಹಾಳೆಯ ಮೇಲೆ ಬೆರಳಿಂದ ಗೇಣು ಹಾಕಿ, "ಮೆಜೆಸ್ಟಿಕ್ಕಿನಿಂದ ಇಲ್ಲೀತನಕ ಎರಡು ಬೆರಳು, ಅಲ್ಲಿಂದ ಅಲ್ಲೀಗೂ ಎರಡು ಬೆರಳು, ಅಂದ್ರ ಎರಡೂ ಅಷ್ಟ ದೂರ" ಅಂದರು. ಊರಿನ ಸರ್ವೆ ನಕಾಶೆ ನೋಡಿ ಹೊಲದ ಗಡಿ ಜಗಳ ಬಗೆಹರಿಸಿದ ಮನುಷ್ಯ. ನಕಾಶೆ ಅಂದರೆ ಅಳತೆ ಅಂತಲೇ ಅವರ ಲೆಕ್ಕ. ಮೆಟ್ರೊ ಮ್ಯಾಪಿಗೆ ಆ ಲೆಕ್ಕ ಹೊಂದುವುದಿಲ್ಲ. ಗಲ್ಲಾದ ಗಾಜಿನ ಮೇಲೆ ಮಾರ್ಕರಿನಿಂದ ಒಂದು ಅಡ್ಡಗೆರೆ ಎಳೆದು, ಅದರ ಮೇಲೆ ಸಮ ಸಮ ಅಂತರಕ್ಕೆ ಚುಕ್ಕೆ ಇಟ್ಟು, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗುಂತಕಲ್ ಅಂತ ಬರೆದೆ.

"ಇದರಾಗ ತಪ್ಪೇನೈತಿ ಹೇಳ್ರಿ ಕಾಕಾ."

ಸ್ವಲ್ಪ ಹೊತ್ತು ನೋಡಿದರು. "ಊರು ಬರೂ ಸರದಿ ಖರೇನ ಐತಿ. ಆದ್ರ ಹೊಸಪ್ಯಾಟಿಯಿಂದ ಬಳ್ಳಾರಿ ಇಷ್ಟ ಸನೇಕ ಎಲ್ಲೈತಿ? ನಮ್ಮೂರಿಂದ ಹೊಸಪ್ಯಾಟಿಗೆ ಹೋಗೂದರ ಎರಡು ಪಟ್ಟು ಐತಲ್ಲ."

ಅಷ್ಟೇ ವಿಷಯ. ಗೆರೆಯಲ್ಲಿ ಸರದಿ ಸರಿ ಇದೆ, ಅಂತರ ಸುಳ್ಳು. ಗದಗ ಜಂಕ್ಷನ್ನಿನಲ್ಲಿ ಇಳಿದರೆ ವಿಜಯಪುರದ ಕಡೆಯ ರೈಲು ಹಿಡಿಯಬಹುದು ಅನ್ನುವುದೂ ಸರಿ ಇರುತ್ತದೆ. ರೈಲಿನೊಳಗೆ ಕೂತವನಿಗೆ ಬೇಕಾದದ್ದು ಮೂರೇ ಮಾತು: ಮುಂದಿನದು ಯಾವ ನಿಲ್ದಾಣ, ಇನ್ನೆಷ್ಟು ನಿಲ್ದಾಣ ಉಳಿದಿವೆ, ಎಲ್ಲಿ ಇಳಿದು ಬದಲಿಸಬೇಕು. ಹಳಿ ಎಲ್ಲಿ ಸೊಟ್ಟಗಾಗುತ್ತದೆ, ಎಲ್ಲಿ ನೆಲದಡಿಗೆ ಹೋಗುತ್ತದೆ ಅನ್ನುವುದು ಚಾಲಕನ ಚಿಂತೆ. ಈ ಯೋಚನೆಯನ್ನು ಲಂಡನ್ನಿನಲ್ಲಿ 1933ರಲ್ಲಿ ಜನರ ಕೈಗೆ ಕೊಟ್ಟವನು ಹ್ಯಾರಿ ಬೆಕ್. ಸಿಗ್ನಲ್ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದವನು. ಗೆರೆಗಳನ್ನು ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ, ಇಷ್ಟರಲ್ಲೇ ಕೂರಿಸಿ, ಒತ್ತೊತ್ತಾಗಿದ್ದ ನಡುಪಟ್ಟಣವನ್ನು ಹಿಗ್ಗಿಸಿ, ಹೊರವಲಯವನ್ನು ಕುಗ್ಗಿಸಿದ. ಈಗ ಜಗತ್ತಿನ ಬಹಳಷ್ಟು ಮೆಟ್ರೊ ಮ್ಯಾಪುಗಳು ಅದೇ ಜಾಡಿನವು, ಬೆಂಗಳೂರಿನದೂ ಸೇರಿ.

ಎಷ್ಟರ ಮಟ್ಟಿಗೆ ಸುಳ್ಳು ಅಂತ ತಿಳಿಯಲು ನೇರಳೆ ಮಾರ್ಗವೊಂದನ್ನೇ ನೋಡಿದರೆ ಸಾಕು. ಎಂ.ಜಿ. ರಸ್ತೆಯಿಂದ ಪೂರ್ವಕ್ಕೆ ಬೈಯಪ್ಪನಹಳ್ಳಿಗೆ ಹೋಗಲು ಟ್ರಿನಿಟಿ, ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ ದಾಟಬೇಕು. ಎಣಿಸಿದರೆ ಐದು ಅಂತರ. 2011ರಲ್ಲಿ ಮೊಟ್ಟಮೊದಲು ತೆರೆದ ಭಾಗ ಇದೇ, ಉದ್ದ ಸುಮಾರು 6.7 ಕಿ.ಮೀ. ಅದೇ ಎಂ.ಜಿ. ರಸ್ತೆಯಿಂದ ಪಶ್ಚಿಮಕ್ಕೆ ಮಾಗಡಿ ರಸ್ತೆಗೆ ಹೋದರೆ ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲು ನಿಲ್ದಾಣ ದಾಟಬೇಕು. ಆರು ಅಂತರ. 2016ರಲ್ಲಿ ತೆರೆದ ಈ ಭಾಗದ ಉದ್ದ ಸುಮಾರು 4.8 ಕಿ.ಮೀ. ಅಂದರೆ ಮ್ಯಾಪಿನಲ್ಲಿ ಉದ್ದವಾಗಿ ಕಾಣುವ ಕಡೆ ನಿಜದಲ್ಲಿ ಹತ್ತಿರ, ಮೋಟಾಗಿ ಕಾಣುವ ಕಡೆ ದೂರ. ಒಂದು ಕಡೆ ಸರಾಸರಿ 800 ಮೀಟರಿಗೊಂದು ನಿಲ್ದಾಣ, ಇನ್ನೊಂದು ಕಡೆ 1,300 ಮೀಟರ್ ದಾಟುತ್ತದೆ. ಬೆರಳಿನ ಅಳತೆ ಇಲ್ಲಿ ನಡೆಯುವುದಿಲ್ಲ ಅಂತ ಕಾಕಾ ಒಪ್ಪಿದರು. ಹೊಲದ ನಕಾಶೆ ಹಿಂಗ ಬರೆದಿದ್ದರ ತಲಾಟಿನ್ನ ಊರು ಬಿಡಿಸ್ತಿದ್ದರು ಅಂತ ಸೇರಿಸಿದರು.

ಹಾಗಾದರೆ ಹೊತ್ತಿನ ಅಂದಾಜು ಹೇಗೆ? ಅಂತರಗಳನ್ನು ಎಣಿಸಿ ಎರಡರಿಂದ ಗುಣಿಸಬೇಕು. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ, ಬಾಗಿಲು ತೆಗೆದು ಮುಚ್ಚುವುದೂ ಸೇರಿ, ಹೆಚ್ಚುಕಡಿಮೆ ಎರಡು ನಿಮಿಷ ಹಿಡಿಯುತ್ತದೆ. ಅಂತರ ಉದ್ದ ಇದ್ದಲ್ಲಿ ಸ್ವಲ್ಪ ಹೆಚ್ಚು, ಗಿಡ್ಡ ಇದ್ದಲ್ಲಿ ಸ್ವಲ್ಪ ಕಡಿಮೆ, ಒಟ್ಟಿನಲ್ಲಿ ಸರಿದೂಗುತ್ತದೆ. ಕಿಲೋಮೀಟರೇ ಬೇಕು ಅನ್ನುವವರು ಟಿಕೆಟ್ ದರ ನೋಡಬಹುದು, ದರ ನಿಗದಿಯಾಗುವುದು ನಿಜವಾದ ದೂರದ ಮೇಲೆ. 2025ರ ಫೆಬ್ರುವರಿಯ ದರಪಟ್ಟಿಯಲ್ಲಿ 2 ಕಿ.ಮೀ. ತನಕ 10 ರೂಪಾಯಿ, 10ರಿಂದ 15 ಕಿ.ಮೀ.ಗೆ 60, 15ರಿಂದ 20ಕ್ಕೆ 70, 25 ದಾಟಿದರೆ 90. ಎರಡು ನಿಲ್ದಾಣದ ನಡುವಿನ ದರ ತಿಳಿದರೆ ಅವೆಷ್ಟು ದೂರ ಅನ್ನುವ ಅಂದಾಜು ತಾನಾಗಿ ಬರುತ್ತದೆ.

ನಮ್ಮ ದಾರಿ ಹೀಗೆ ಗೊತ್ತಾಯಿತು. ಬಸ್ಸಿನಿಂದ ಗೊರಗುಂಟೆಪಾಳ್ಯದಲ್ಲಿ ಇಳಿಯುವುದು. ಅಲ್ಲಿಂದ ಹಸಿರು ಮಾರ್ಗ, ರೇಷ್ಮೆ ಸಂಸ್ಥೆಯ ಕಡೆಗೆ. ಯಶವಂತಪುರ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮಹಾಲಕ್ಷ್ಮಿ, ರಾಜಾಜಿನಗರ, ಕುವೆಂಪು ರಸ್ತೆ, ಶ್ರೀರಾಂಪುರ, ಸಂಪಿಗೆ ರಸ್ತೆ, ಎಂಟನೆಯದು ಮೆಜೆಸ್ಟಿಕ್. ಮುಂದೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಜಯನಗರ, ಹದಿನೈದನೆಯದು ಆರ್.ವಿ. ರಸ್ತೆ. ಅಲ್ಲಿ ಇಳಿದು ಹಳದಿ ಹತ್ತಿದರೆ ರಾಗಿಗುಡ್ಡ, ಅದರ ಮುಂದಿನದೇ ಜಯದೇವ. ಹದಿನೇಳು ಅಂತರ, ಎರಡರಿಂದ ಗುಣಿಸಿದರೆ ಮೂವತ್ತನಾಲ್ಕು ನಿಮಿಷ, ಮೇಲೆ ಬದಲಾಯಿಸುವ ಹೊತ್ತು.

ಆ ಬದಲಾಯಿಸುವ ಹೊತ್ತು ಮಾತ್ರ ಮ್ಯಾಪಿನಲ್ಲಿ ಎಲ್ಲೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇಂಟರ್‌ಚೇಂಜ್ ಅಂದರೆ ಎರಡು ಬಣ್ಣದ ಗೆರೆ ಕೂಡುವ ಜಾಗ. ಉಳಿದ ನಿಲ್ದಾಣಗಳಿಗೆ ಸಣ್ಣ ಗುರುತು, ಇದಕ್ಕೆ ದೊಡ್ಡ ವೃತ್ತ. ನಾವು ಹೋದಾಗ ಹಾಗೆ ನಿಜವಾಗಿ ರೈಲು ಬದಲಿಸಬಹುದಾದ ಜಾಗ ಎರಡೇ ಇದ್ದವು: ನೇರಳೆಯೂ ಹಸಿರೂ ಕೂಡುವ ಮೆಜೆಸ್ಟಿಕ್, ಹಸಿರೂ ಹಳದಿಯೂ ಕೂಡುವ ಆರ್.ವಿ. ರಸ್ತೆ. ಮೆಜೆಸ್ಟಿಕ್‌ನ ಪೂರ್ತಿ ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ. ಮ್ಯಾಪಿನ ನಡುವೆ ಅದೇ ದೊಡ್ಡ ವೃತ್ತ, ಎಲ್ಲಾ ಗೆರೆ ಅಲ್ಲಿಗೇ ಬಂದು ಸೇರಿದ ಹಾಗೆ ಕಾಣುತ್ತದೆ. ಹೊಸಬರು ಅಲ್ಲಿ ಇಳಿಯಲೇಬೇಕು ಅಂದುಕೊಳ್ಳುವುದು ಸಹಜ. ಇಂಟರ್‌ಚೇಂಜಿನಲ್ಲಿ ಇಳಿಯಬೇಕಾದದ್ದು ಬಣ್ಣ ಬದಲಾಗಬೇಕಾದಾಗ ಮಾತ್ರ. ಹಸಿರಿನಲ್ಲಿ ಬಂದು ಹಸಿರಿನಲ್ಲೇ ಮುಂದೆ ಹೋಗುವವನಿಗೆ ಮೆಜೆಸ್ಟಿಕ್ ಕೂಡ ಹಾದುಹೋಗುವ ಇನ್ನೊಂದು ನಿಲ್ದಾಣ, ಅಷ್ಟೇ.

ಬೆಳಗಿನ ಆರರ ಮೇಲೆ ಬಸ್ಸು ಗೊರಗುಂಟೆಪಾಳ್ಯಕ್ಕೆ ಬಂತು. ಕೌಂಟರಿನಲ್ಲಿ ಜಯದೇವ ಆಸ್ಪತ್ರೆ ಅಂದೆ, ಒಂದೊಂದು ಟೋಕನ್ ಕೊಟ್ಟರು. ಎರಡು ಮಾರ್ಗದ ಪ್ರಯಾಣಕ್ಕೂ ಒಂದೇ ಟೋಕನ್ ಸಾಕು. ಬದಲಿಸುವಾಗ ಗೇಟಿನಿಂದ ಹೊರಗೆ ಹೋಗುವ ಹಾಗಿಲ್ಲ ಅನ್ನುವುದು ನೆನಪಿರಬೇಕು, ಹೋದರೆ ಟೋಕನ್ ಗೇಟಿನ ಡಬ್ಬಿ ಪಾಲು. ರೇಷ್ಮೆ ಸಂಸ್ಥೆ ಅಂತ ಬರೆದ ಬಾಣ ಹಿಡಿದು ಮೇಲೆ ಹತ್ತಿದೆವು.

ರೈಲಿನಲ್ಲಿ ಕಾಕಾ ಬೆರಳ ಗೆಣ್ಣಿನ ಮೇಲೆ ನಿಲ್ದಾಣ ಎಣಿಸುತ್ತಾ ಕೂತರು. ಒಂದು ಬೆರಳಿಗೆ ಮೂರು ಗೆಣ್ಣು. ಕಿರುಬೆರಳು, ಉಂಗುರಬೆರಳು ಮುಗಿದು ನಡುಬೆರಳಿನ ಎರಡನೇ ಗೆಣ್ಣಿಗೆ ಹೆಬ್ಬೆರಳು ಬರುವಷ್ಟರಲ್ಲಿ ಮೆಜೆಸ್ಟಿಕ್ ಬಂತು. ಅಲ್ಲಿಯ ತನಕ ಹೊರಗೆ ಮನೆ, ಅಂಗಡಿ, ತಾರಸಿಯ ನೀರಿನ ಟ್ಯಾಂಕು ಕಾಣುತ್ತಿದ್ದದ್ದು ಸಂಪಿಗೆ ರಸ್ತೆ ಬಿಟ್ಟ ಮೇಲೆ ಕತ್ತಲಾಗಿತ್ತು. ಮ್ಯಾಪಿನಲ್ಲಿ ಅದರ ಸುಳಿವೇ ಇಲ್ಲ, ಮೇಲಿದ್ದರೂ ನೆಲದಡಿ ಇದ್ದರೂ ಗೆರೆ ಒಂದೇ ಥರ. ಬಾಗಿಲು ತೆರೆದದ್ದೇ ಅರ್ಧ ಡಬ್ಬಿ ಖಾಲಿ. ಚೀಲ ಹೊತ್ತವರು, ಕೂಸು ಎತ್ತಿಕೊಂಡವರು, ಎಲ್ಲರೂ ದಡದಡ ಇಳಿದರು. ಕಾಕಾನೂ ಎದ್ದು ನಿಂತರು.

"ಎಲ್ಲಾರೂ ಇಳಿಯಾಕತ್ತಾರಲ್ಲೋ!"

"ಅವರು ನೇರಳಿಗೆ ಹೋಗೋರು, ಇಲ್ಲಾ ಊರಿಗೆ ಹೋಗೋರು. ನಮ್ಮದು ಇನ್ನೂ ಹಸರ ಐತಿ ಕಾಕಾ, ಕುಂದರ್ರಿ."

ಮನಸ್ಸಿಲ್ಲದ ಮನಸ್ಸಿನಿಂದ ಕೂತರು. ಚಿಕ್ಕಪೇಟೆ ಅಂತ ಕೇಳಿಸಿದ ಮೇಲೆ ಹೆಬ್ಬೆರಳು ಮತ್ತೆ ಗೆಣ್ಣಿಗೆ ಹೋಯಿತು. ನ್ಯಾಷನಲ್ ಕಾಲೇಜಿನ ಹೊತ್ತಿಗೆ ಮತ್ತೆ ಬೆಳಕು.

ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಗುರುತು ಹಿಡಿದು ನಡೆದೆವು. ಮ್ಯಾಪಿನಲ್ಲಿ ಒಂದೇ ವೃತ್ತದೊಳಗೆ ಎರಡು ಗೆರೆ ಮುಟ್ಟಿಕೊಂಡಿವೆ. ನಿಜದಲ್ಲಿ ಅದು ಹಾದಿ, ಮೆಟ್ಟಿಲು, ಎಸ್ಕಲೇಟರು, ತಿರುವು. ಎದೆಯ ತೊಂದರೆ ಇರುವವರ ಜೊತೆ ಹೋದರೆ ಆ ವೃತ್ತ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಲಿಫ್ಟ್ ಎಲ್ಲಿ ಅಂತ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಗಟ್ಟಿಮುಟ್ಟಾದವರಿಗೆ ಐದು ನಿಮಿಷದ ಹಾದಿ, ನಮಗೆ ಅದರ ಎರಡರಷ್ಟು.

ಮೇಲೆ ಹೋಗಿ ನೋಡಿದರೆ ಜಾತ್ರೆ. ಇದು ಮ್ಯಾಪ್ ಮುಚ್ಚಿಡುವ ಇನ್ನೊಂದು ವಿಷಯ. ಹಾಳೆಯ ಮೇಲೆ ಹಸಿರು ಗೆರೆಯೂ ಹಳದಿ ಗೆರೆಯೂ ಒಂದೇ ದಪ್ಪ. ಹಸಿರಿನಲ್ಲಿ ಒಂದು ರೈಲು ತಪ್ಪಿದರೆ ಇನ್ನೊಂದು ಹಿಂದೆಯೇ ಬರುತ್ತದೆ. ಹಳದಿಯಲ್ಲಿ ಆ ದಿನಗಳಲ್ಲಿ ಓಡುತ್ತಿದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆಮೇಲೆ ರೈಲು ಒಂದೊಂದಾಗಿ ಸೇರಿದ ಹಾಗೆ ಕಾಯುವ ಹೊತ್ತು ಕಡಿಮೆಯಾಯಿತು. ನಾವು ಹೋದಾಗ ಮಾತ್ರ ಎರಡೇ ನಿಲ್ದಾಣದ ನಾಲ್ಕು ನಿಮಿಷದ ಪ್ರಯಾಣಕ್ಕೆ ಅದರ ನಾಲ್ಕೈದು ಪಟ್ಟು ಕಾದೆವು. ಗೆರೆಯ ಉದ್ದ ನೋಡಿ ಹೊತ್ತು ಲೆಕ್ಕ ಹಾಕುವವರು ಆ ಗೆರೆಯ ಮೇಲೆ ಎಷ್ಟು ಹೊತ್ತಿಗೊಂದು ರೈಲು ಅಂತ ಬೇರೆ ಕಡೆ ವಿಚಾರಿಸಬೇಕು. ದಿನದ ಮೊದಲ ರೈಲು, ಕೊನೆಯ ರೈಲಿನ ಹೊತ್ತೂ ಮ್ಯಾಪಿನಲ್ಲಿ ಇರುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಬರುವ ನಮ್ಮ ಕಡೆಯವರಿಗೆ, ಅದರಲ್ಲೂ ಭಾನುವಾರ ಬಂದು ಇಳಿಯುವವರಿಗೆ, ಇದು ಬಹಳ ಮುಖ್ಯ.

ಒಂದು ಅನುಕೂಲ ಇತ್ತು. ಆರ್.ವಿ. ರಸ್ತೆ ಹಳದಿಯ ತುದಿ. ತುದಿ ನಿಲ್ದಾಣದಿಂದ ಹೊರಡುವ ರೈಲು ಹೋಗುವುದು ಒಂದೇ ಕಡೆಗೆ, ಹಾಗಾಗಿ ದಿಕ್ಕಿನ ಗೊಂದಲ ಇಲ್ಲ.

ಜಯದೇವ ನಿಲ್ದಾಣ ಮ್ಯಾಪಿನಲ್ಲಿ ಉಳಿದವುಗಳ ಹಾಗೆ ಒಂದು ಚುಕ್ಕೆ. ರೈಲಿನಿಂದ ಇಳಿದು ಕೆಳಗೆ ನೋಡಿದರೆ ಕಾಕಾ ಕಂಬಿ ಹಿಡಿದುಕೊಂಡರು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 3.3 ಕಿ.ಮೀ. ಡಬಲ್ ಡೆಕರ್ ಮೇಲ್ಸೇತುವೆ ಇದೆ. ನೆಲದ ಮೇಲೆ ರಸ್ತೆ, ಅದರ ಮೇಲೆ ವಾಹನಗಳ ಸೇತುವೆ, ಅದಕ್ಕೂ ಮೇಲೆ ಮೆಟ್ರೊ. ಆ ಎತ್ತರದಿಂದ ನೆಲಕ್ಕೆ ಇಳಿಯುವುದೂ ಪ್ರಯಾಣದ ಒಂದು ಭಾಗವೇ. ಲಿಫ್ಟ್ ಇತ್ತು, ಸಾಲೂ ಇತ್ತು. ಯಾವ ಗೇಟಿನಿಂದ ಹೊರಗೆ ಹೋದರೆ ಆಸ್ಪತ್ರೆಯ ಮಗ್ಗುಲು ಅಂತ ಭದ್ರತೆಯವರನ್ನು ಕೇಳಿಕೊಂಡೆ. ಇಂಥ ಕೂಡುರಸ್ತೆಯಲ್ಲಿ ತಪ್ಪು ಗೇಟಿನಿಂದ ಇಳಿದರೆ ರಸ್ತೆ ದಾಟುವುದೇ ಒಂದು ಸಾಹಸ.

ಆಸ್ಪತ್ರೆಯ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಕಾಕಾನ ಮಗಳು, ನನ್ನ ತಂಗಿ, ಇರುವುದು ಹೂಡಿಯಲ್ಲಿ. ರಾತ್ರಿ ಅವಳ ಮನೆಯಲ್ಲಿ ಉಳಿದು ಮರುದಿನ ಊರಿಗೆ ಅಂತ ಮೊದಲೇ ಮಾತಾಗಿತ್ತು. ಹೊರಡುವ ಹಿಂದಿನ ದಿನ ಅವಳ ಅತ್ತೆಯ ಕಡೆಯವರೊಬ್ಬರು ನನ್ನ ಮೊಬೈಲಿಗೆ ಒಂದು ಬಣ್ಣದ ಮ್ಯಾಪ್ ಕಳಿಸಿದ್ದರು. ಅದರಲ್ಲಿ ಜಯದೇವದಿಂದ ಗುಲಾಬಿ ಗೆರೆಯೊಂದು ನೇರ ಎಂ.ಜಿ. ರಸ್ತೆಗೆ ಹೋಗುತ್ತಿತ್ತು. ಅಲ್ಲಿ ನೇರಳೆ ಹಿಡಿದರೆ ಹೂಡಿ. ಎಷ್ಟು ಸಲೀಸು! ಇನ್ನೊಂದು ನೀಲಿ ಗೆರೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಹೋಗುತ್ತಿತ್ತು, ಅದು ಇನ್ನೂ ಹತ್ತಿರ. ತೊಂದರೆ ಏನೆಂದರೆ ನಾವು ಹೋದಾಗ ಆ ಎರಡು ಗೆರೆಗಳ ಮೇಲೂ ರೈಲು ಇರಲಿಲ್ಲ, ಕಾಮಗಾರಿ ನಡೆದಿತ್ತು. ನಿಗಮದ ಮ್ಯಾಪಿನಲ್ಲಿ ಕಟ್ಟುತ್ತಿರುವ ಮಾರ್ಗವನ್ನು ತುಂಡು ಗೆರೆಯಲ್ಲೋ ಬೇರೆ ಗುರುತಿನಲ್ಲೋ ತೋರಿಸಿ ಮೂಲೆಯಲ್ಲಿ ವಿವರಣೆ ಕೊಟ್ಟಿರುತ್ತಾರೆ. ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಚಿತ್ರಗಳಲ್ಲಿ ಮುಂದೆಂದೋ ಬರುವ ಮಾರ್ಗವೂ ಇವತ್ತು ಓಡುವ ಮಾರ್ಗದ ಹಾಗೇ ಗಟ್ಟಿ ಬಣ್ಣದಲ್ಲಿರುತ್ತದೆ. ಕಾಕಾನಿಗೆ ಇದನ್ನು ಹೇಳಲು ಗಲ್ಲಾದ ಗಾಜಿನ ಮೇಲಿನ ಗೆರೆಯೇ ಸಾಕಾಗಿತ್ತು. ಗಿಣಿಗೇರಾದಿಂದ ರಾಯಚೂರಿಗೆ ಒಂದು ಗೆರೆ ಎಳೆದು, "ಇದರ ಮ್ಯಾಲೆ ರಾಯಚೂರಿಗೆ ರೈಲು ಹೊಕ್ಕೈತೇನ್ರಿ?" ಅಂದೆ. "ಸಿಂಧನೂರು ತನಕ ಅಷ್ಟ" ಅಂದರು. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ, ರಾಯಚೂರಿನ ತನಕದ್ದು ಇನ್ನೂ ಆಗಬೇಕಿತ್ತು. ಗುಲಾಬಿ ಗೆರೆಯ ಕಥೆ ಮತ್ತೆ ಬಿಡಿಸಿ ಹೇಳಬೇಕಾಗಲಿಲ್ಲ.

ಮ್ಯಾಪ್ ಕೈಗೆ ಸಿಕ್ಕಾಗ ಮೊದಲು ಅದು ಯಾವ ಕಾಲದ್ದು ಅಂತ ನೋಡಬೇಕು. ಅದಕ್ಕೆ ಸುಲಭದ ಪರೀಕ್ಷೆ ಗೆರೆಗಳ ತುದಿ. ನೇರಳೆ ಬೈಯಪ್ಪನಹಳ್ಳಿಯಲ್ಲೇ ಮುಗಿದಿದ್ದರೆ ಅದು 2023ಕ್ಕಿಂತ ಹಿಂದಿನದು. ಹಸಿರು ನಾಗಸಂದ್ರದಲ್ಲಿ ನಿಂತಿದ್ದರೆ 2024ರ ನವೆಂಬರಿಗೆ ಮೊದಲಿನದು, ಮಾದಾವರಕ್ಕೆ ರೈಲು ಹೋದದ್ದೇ ಆಗ.

ಹೂಡಿಗೆ ನಾವು ಹೋದ ದಾರಿ ಉದ್ದದ್ದು. ಹಳದಿಯಲ್ಲಿ ಹಿಂದಕ್ಕೆ ಆರ್.ವಿ. ರಸ್ತೆ, ಎರಡು ಅಂತರ. ಅಲ್ಲಿಂದ ಹಸಿರಿನಲ್ಲಿ ಮೆಜೆಸ್ಟಿಕ್, ಏಳು. ಈಗ ನೋಡಬೇಕಾದ ಬೋರ್ಡು ಮಾದಾವರ, ಬೆಳಿಗ್ಗೆ ನೋಡಿದ್ದರ ಎದುರಿನದು. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ, ವೈಟ್‌ಫೀಲ್ಡ್ ಕಡೆಗೆ, ಹೂಡಿಯ ತನಕ ಹದಿನಾಲ್ಕು. ಒಟ್ಟು ಇಪ್ಪತ್ಮೂರು ಅಂತರ, ನಲವತ್ತಾರು ನಿಮಿಷ, ಎರಡು ಕಡೆ ಬದಲಾವಣೆ. ಮ್ಯಾಪಿನಲ್ಲಿ ಜಯದೇವವೂ ಇಂದಿರಾನಗರವೂ ತೀರಾ ದೂರ ಕಾಣುವುದಿಲ್ಲ, ನಡುವೆ ಬರೀ ಬಿಳಿ ಹಾಳೆ. ಆ ಬಿಳಿ ಹಾಳೆಯಲ್ಲಿ ಇಡೀ ಊರೇ ಇದೆ, ಗೆರೆ ಮಾತ್ರ ಇಲ್ಲ. ಹಾಗಾಗಿ ನಡುಪಟ್ಟಣಕ್ಕೆ ಬಂದು ಸುತ್ತು ಹಾಕಬೇಕು. ಇಂಥಲ್ಲಿ ನಿಜವಾದ ರಸ್ತೆ ಮ್ಯಾಪನ್ನೂ ಒಮ್ಮೆ ತೆರೆದು ನೋಡುವುದು ಜಾಣತನ. ಇಂದಿರಾನಗರಕ್ಕೋ ದೊಮ್ಮಲೂರಿಗೋ ಹೋಗುವವರಿಗೆ ಜಯದೇವದಿಂದ ಬಸ್ಸು ಸರಿಹೋದೀತು. ಹೂಡಿಯಷ್ಟು ದೂರ ಹೋಗುವ ನಮಗೆ, ಸಿಲ್ಕ್ ಬೋರ್ಡಿನ ಕಡೆಯ ವಾಹನದ ಸಾಲು ನೋಡಿದ ಮೇಲೆ, ಸುತ್ತು ದಾರಿಯೇ ವಾಸಿ ಅನ್ನಿಸಿತು.

ಮೆಜೆಸ್ಟಿಕ್‌ನಲ್ಲಿ ಎರಡು ಮಾರ್ಗವೂ ನೆಲದಡಿಯಲ್ಲಿ, ಬೇರೆ ಬೇರೆ ಅಂತಸ್ತಿನಲ್ಲಿವೆ. ಬಣ್ಣ ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿ. ನೇರಳೆ ಬಣ್ಣದ ಬೋರ್ಡು ನೋಡುತ್ತಾ ಹೋದರೆ ಸಾಕು, ಓದುವುದೇ ಬೇಡ. ಆ ಪ್ಲಾಟ್‌ಫಾರ್ಮು ಸಿಕ್ಕಿದ ಮೇಲೆ ಮತ್ತೆ ಓದಬೇಕು: ವೈಟ್‌ಫೀಲ್ಡೋ, ಚಲ್ಲಘಟ್ಟವೋ. ತಂಗಿ ಫೋನಿನಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟಳು.

"ಅಣ್ಣಾ, ಗಾಡಿ ಮುಂದ ಬರದಿರೋ ಹೆಸರು ಓದಿ ಹತ್ತು. ಮುಂಜಾನಿ ಹೊತ್ತಿನ್ಯಾಗ ಕೆಲವು ಗಾಡಿ ಗರುಡಾಚಾರ್‌ಪಾಳ್ಯಕ್ಕ ಮುಗೀತಾವ. ಹೂಡಿ ಅದರ ಮುಂದಿನ ನಿಲ್ದಾಣ."

ಇದು ಮ್ಯಾಪಿನಿಂದ ತಿಳಿಯುವ ವಿಷಯ ಅಲ್ಲ. ಗೆರೆ ವೈಟ್‌ಫೀಲ್ಡ್‌ವರೆಗೂ ಇದೆ, ದಿಕ್ಕೂ ಸರಿ ಇದೆ, ಆದರೂ ಜನ ಹೆಚ್ಚಿರುವ ಹೊತ್ತಿನಲ್ಲಿ ನಡುವೆಯೇ ತಿರುಗುವ ರೈಲು ಇರುತ್ತವೆ. ಅಂಥದರಲ್ಲಿ ಕೂತರೂ ಗಾಬರಿ ಬೇಡ, ಅದು ನಿಂತಲ್ಲಿ ಇಳಿದು ಹಿಂದೆ ಬರುವ ಅದೇ ದಿಕ್ಕಿನ ರೈಲು ಹತ್ತಿದರಾಯಿತು. ಗೇಟು ದಾಟದಿದ್ದರೆ ಟೋಕನ್ನಿಗೂ ತೊಂದರೆ ಇಲ್ಲ. ನಮ್ಮದು ಮಧ್ಯಾಹ್ನದ ರೈಲು, ಪೂರ್ತಿ ವೈಟ್‌ಫೀಲ್ಡಿನದು. ಕಾಕಾ ಈ ಸಲ ಗೆಣ್ಣು ಎಣಿಸಲಿಲ್ಲ. ಹಾಳೆ ತೊಡೆಯ ಮೇಲೆ ಹರವಿಕೊಂಡು, ನಿಲ್ದಾಣ ದಾಟಿದ ಹಾಗೆ ಪೆನ್ನಿನಿಂದ ಒಂದೊಂದು ಹೆಸರಿಗೆ ಟಿಕ್ ಹಾಕುತ್ತಾ ಬಂದರು. ಬೈಯಪ್ಪನಹಳ್ಳಿ ದಾಟಿದ ಮೇಲೆ, ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ಕೆ.ಆರ್. ಪುರ ಇನ್ನೆಷ್ಟು ದೂರ ಅಂತ ಯಾರನ್ನೋ ಕೇಳಿದ. ಕಾಕಾ ತಲೆ ಎತ್ತದೆ, "ದೂರ ಇದರಾಗ ಇಲ್ಲಪಾ. ನಡುವ ಬೆನ್ನಿಗಾನಹಳ್ಳಿ ಒಂದ ಐತಿ" ಅಂದರು.

ಮರುದಿನ ಊರಿಗೆ ಹೊರಡುವಾಗ ಒಂದು ಚರ್ಚೆ ಆಯಿತು. ಬರುವಾಗ ಗೊರಗುಂಟೆಪಾಳ್ಯದಲ್ಲಿ ಇಳಿದಿದ್ದೆವು, ಹಾಗಾದರೆ ಹೋಗುವಾಗಲೂ ಅಲ್ಲೇ ಬಸ್ಸು ಹತ್ತಬೇಕೇ? ಮ್ಯಾಪ್ ಪ್ರಕಾರ ಮೆಜೆಸ್ಟಿಕ್‌ನಲ್ಲಿ ನೇರಳೆ ಬಿಟ್ಟು ಹಸಿರು ಹಿಡಿದು ಇನ್ನೂ ಎಂಟು ಅಂತರ. ಸಂಜೆ ತುಮಕೂರು ರಸ್ತೆಯಲ್ಲಿ ಬಸ್ಸು ಆಮೆಯ ಹಾಗೆ ಹೋಗುವಾಗ ಮೆಟ್ರೊ ಮುಂದೆ ಹೋಗಿ ಕಾಯುವುದು ಸರಿಯಾದ ಲೆಕ್ಕವೇ, ಸೀಟು ಮೊದಲೇ ಕಾದಿರಿಸಿದ್ದರೆ. ನಾವು ಕಾದಿರಿಸಿರಲಿಲ್ಲ, ಗೊರಗುಂಟೆಪಾಳ್ಯಕ್ಕೆ ಬರುವ ಹೊತ್ತಿಗೆ ಬಸ್ಸು ತುಂಬಿರುತ್ತದೆ. ಕಾಕಾ ರಾತ್ರಿಯಿಡೀ ನಿಂತು ಬರುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ ಹೂಡಿಯಿಂದ ಮೆಜೆಸ್ಟಿಕ್‌ಗೆ ಟೋಕನ್ ತೆಗೆದುಕೊಂಡು, ಅಲ್ಲೇ ಗೇಟು ದಾಟಿ, ಬಸ್ ನಿಲ್ದಾಣದಲ್ಲಿ ಕೊಪ್ಪಳದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆವು.